ಬೆಲೆಗಿಂತ ಮೊದಲು ನಂಬರ್ ಪ್ಲೇಟು: ಜೀರಹಳ್ಳಿಯಲ್ಲಿ ಹಳೆಯ ಸ್ಕೂಟರ್ ಕೊಳ್ಳುವ ಲೆಕ್ಕ

ಬಳಸಿದ ಸ್ಕೂಟರನ್ನು ಅಂಗಡಿಯಿಂದ ಕೊಳ್ಳುವುದು ಲೇಸೋ, ಇಷ್ಟು ದಿನ ಅದನ್ನು ಓಡಿಸಿದ ಮಾಲೀಕರಿಂದಲೇ ಕೊಳ್ಳುವುದು ಲೇಸೋ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಇಬ್ಬರೂ ಹೇಳಿದ ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಉತ್ತರ ಹುಡುಕಲಾಗುತ್ತದೆ. ಹೇಳಿದ ಬೆಲೆ ಆ ವ್ಯವಹಾರದ ಮೊದಲ ಕಂತು ಮಾತ್ರವಾಗಿದ್ದು, ಹೆಸರು ಬದಲಾವಣೆಯ ಖರ್ಚು, ವಿಮೆ, ತೆರಿಗೆ ಮತ್ತು ಕೊಂಡ ಮೊದಲ ತಿಂಗಳಲ್ಲೇ ಮಾಡಿಸಬೇಕಾದ ರಿಪೇರಿ ಇವನ್ನೆಲ್ಲ ಕೂಡಿಸಿದ ಮೇಲಷ್ಟೇ ಎರಡು ಸ್ಕೂಟರ್‌ಗಳ ನಿಜವಾದ ಬೆಲೆ ಹೋಲಿಕೆಗೆ ಸಿಗುತ್ತದೆ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿರುವ ಜೀರಹಳ್ಳಿಯಂಥ ಊರಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಕಲಮು ಸೇರುತ್ತದೆ. ಅದು ರಾಜ್ಯದ ಗಡಿ.

ತಾಳವಾಡಿ ಸೀಮೆಯ ಜನರ ಮಾತು ಬಹುಮಟ್ಟಿಗೆ ಕನ್ನಡವಾಗಿದ್ದು, ಅವರಿಗೆ ಹತ್ತಿರದ ದೊಡ್ಡ ಪೇಟೆ ಕರ್ನಾಟಕದ ಚಾಮರಾಜನಗರವಾಗಿದೆ. ಸಾರಿಗೆ ಕಚೇರಿಯಂಥ ಸರ್ಕಾರಿ ಕೆಲಸಗಳಿಗೆ ಮಾತ್ರ ಅವರು ಹಾಸನೂರಿನ ಕಾಡು ದಾಟಿ, 27 ತಿರುವುಗಳ ದಿಂಬಂ ಘಾಟಿ ಇಳಿದು ತಮಿಳುನಾಡಿನ ಸತ್ಯಮಂಗಲದ ಕಡೆಗೆ ಹೋಗಬೇಕಾಗುತ್ತದೆ. ಹೀಗಾಗಿ ಜೀರಹಳ್ಳಿಯವರು ಹಳೆಯ ಸ್ಕೂಟರ್ ಹುಡುಕಲು ಹೊರಟರೆ ಅವರ ಮುಂದೆ ಎರಡು ಬಗೆಯ ಮಾರಾಟಗಾರರ ಜೊತೆಗೆ ಎರಡು ಬಗೆಯ ನಂಬರ್ ಪ್ಲೇಟುಗಳೂ ಬರುತ್ತವೆ. ಗೋಬಿಚೆಟ್ಟಿಪಾಳ್ಯದ ಸಾರಿಗೆ ವಲಯದ ಟಿಎನ್ 36 ಒಂದು, ಚಾಮರಾಜನಗರದ ಕೆಎ 10 ಇನ್ನೊಂದು. ಮಾರಾಟಗಾರರು ಯಾರು ಎಂಬುದಕ್ಕಿಂತ ಪ್ಲೇಟು ಯಾವುದು ಎಂಬುದೇ ಇಲ್ಲಿ ಅಂತಿಮ ಖರ್ಚನ್ನು ಹೆಚ್ಚು ಬದಲಿಸುತ್ತದೆ ಎಂಬುದನ್ನು ಮುಂದಿನ ಲೆಕ್ಕ ತೋರಿಸುತ್ತದೆ.

ಮೊದಲಿಗೆ ಮಾಲೀಕತ್ವ ಎಂದರೇನು ಎಂಬುದು ಸ್ಪಷ್ಟವಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 2(30)ನೇ ಕಲಮಿನ ಪ್ರಕಾರ ವಾಹನವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಅದರ ಮಾಲೀಕರು. ಹಣ ಕೊಟ್ಟು ಕೀಲಿ ಪಡೆದವರು ಆರ್‌ಸಿ, ಅಂದರೆ ನೋಂದಣಿ ಪತ್ರ, ತಮ್ಮ ಹೆಸರಿಗೆ ಬರುವವರೆಗೆ ಆ ಕಾಯ್ದೆಯ ಕಣ್ಣಿನಲ್ಲಿ ಮಾಲೀಕರಲ್ಲ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದು, ವಾಹನ ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದರೂ ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರ ಮೇಲೆಯೇ ಇರುತ್ತದೆ ಎಂದು ತೀರ್ಪಿತ್ತಿತು. ಆದ್ದರಿಂದ ಹೆಸರು ಬದಲಾವಣೆಯ ವಿಷಯದಲ್ಲಿ ಕೊಳ್ಳುವವರಷ್ಟೇ ಮಾರುವವರಿಗೂ ಅವಸರ ಇರಬೇಕು. ಮಾರುವವರು ಈ ವಿಷಯದಲ್ಲಿ ಉದಾಸೀನ ತೋರಿದರೆ ಆರ್‌ಸಿಯಲ್ಲಿರುವ ಹೆಸರು ಅವರದ್ದೇ ಹೌದೇ ಎಂದು ನೋಡಬೇಕಾಗುತ್ತದೆ.

ಒಂದೇ ರಾಜ್ಯದೊಳಗಿನ ವರ್ಗಾವಣೆ ಸರಳವಾದದ್ದು. ಮಾರಾಟವನ್ನು ತಿಳಿಸುವ ಫಾರಂ 29ಕ್ಕೆ ಮಾರುವವರು ಸಹಿ ಮಾಡುತ್ತಾರೆ, ಹೆಸರು ಬದಲಾಯಿಸಿಕೊಡಿ ಎಂದು ಕೋರುವ ಫಾರಂ 30ಕ್ಕೆ ಇಬ್ಬರೂ ಸಹಿ ಮಾಡುತ್ತಾರೆ. ಮಾರುವವರು 14 ದಿನಗಳೊಳಗೆ, ಕೊಳ್ಳುವವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕೆಂದು ಕಾಯ್ದೆಯ 50ನೇ ಕಲಮು ಹೇಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 81ನೇ ನಿಯಮದಂತೆ ದ್ವಿಚಕ್ರ ವಾಹನದ ನೋಂದಣಿ ಶುಲ್ಕ 300 ರೂಪಾಯಿ, ವರ್ಗಾವಣೆಗೆ ಅದರ ಅರ್ಧ, ಅಂದರೆ 150 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ 200 ರೂಪಾಯಿ. ರಾಜ್ಯದ ಸೇವಾ ಶುಲ್ಕ, ಜೆರಾಕ್ಸು, ಅಂಚೆ ಮತ್ತು ಘಾಟಿ ಇಳಿದು ಹತ್ತುವ ಪೆಟ್ರೋಲು ಸೇರಿದರೂ ಸ್ವತಃ ಮಾಡಿಸಿಕೊಳ್ಳುವವರಿಗೆ ಒಟ್ಟು ಖರ್ಚು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಏಜೆಂಟರು ಇದೇ ಕೆಲಸಕ್ಕೆ ಕೇಳುವ ಎರಡು, ಎರಡೂವರೆ ಸಾವಿರದಲ್ಲಿ ಹೆಚ್ಚಿನ ಪಾಲು ಅವರ ಓಡಾಟದ ಕೂಲಿಯೇ ಹೊರತು ಸರ್ಕಾರದ ಶುಲ್ಕವಲ್ಲ.

ಹಣದ ಲೆಕ್ಕಕ್ಕಿಂತ ಹೆಚ್ಚಾಗಿ ಇಂಥ ವರ್ಗಾವಣೆ ನಿಂತುಹೋಗುವುದು ಮೂರು ಕಡೆಗಳಲ್ಲಿ. ಮೊದಲನೆಯದು ಸಾಲದ ಗುರುತು: ಸ್ಕೂಟರನ್ನು ಫೈನಾನ್ಸ್ ಕಂಪನಿಯ ಸಾಲದಿಂದ ಕೊಂಡಿದ್ದರೆ ಆರ್‌ಸಿಯಲ್ಲಿ ಹೈಪೊಥೆಕೇಷನ್, ಅಂದರೆ ವಾಹನವನ್ನೇ ಸಾಲಕ್ಕೆ ಆಧಾರವಾಗಿಟ್ಟಿರುವ ದಾಖಲೆ, ಇರುತ್ತದೆ, ಸಾಲ ತೀರಿದ ಮಾತ್ರಕ್ಕೆ ಅದು ತಾನಾಗಿ ಅಳಿಯುವುದಿಲ್ಲ. ಫೈನಾನ್ಸ್ ಕಂಪನಿಯು ಸಹಿ ಮಾಡಿದ ಫಾರಂ 35 ಮತ್ತು ಬಾಕಿ ಇಲ್ಲವೆಂಬ ಪತ್ರವನ್ನು ಸಲ್ಲಿಸಿ ಅದನ್ನು ತೆಗೆಸಬೇಕು, ಇಲ್ಲವಾದರೆ ಕಂಪನಿಯ ಒಪ್ಪಿಗೆಯಿಲ್ಲದೆ ಹೆಸರು ಬದಲಾಗದು. ಎರಡನೆಯದು ಮಾಲೀಕರು ತೀರಿಹೋಗಿರುವ ಸಂದರ್ಭ: ತಂದೆಯ ಹೆಸರಿನ ಸ್ಕೂಟರನ್ನು ಮಗ ಮಾರಲು ಹೊರಟರೆ ಅದು ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಕೊಳ್ಳುವವರ ಹೆಸರಿಗೆ ಹೋಗಬೇಕು. ಮೂರನೆಯದು ಕಟ್ಟದೆ ಉಳಿದ ಪೊಲೀಸ್ ದಂಡಗಳು. ಅವು ವಾಹನದ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ಕೊಂಡವರ ತಲೆಗೆ ಬರುತ್ತವೆ. ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆಯನ್ನು ಕೊಟ್ಟರೆ ಸಾಲದ ಗುರುತು, ವಿಮೆಯ ಕೊನೆಯ ದಿನ ಮತ್ತು ನೋಂದಣಿಯ ಅವಧಿ ಕಾಣುತ್ತವೆ, echallan.parivahan.gov.in ತಾಣದಲ್ಲಿ ಬಾಕಿ ದಂಡಗಳು ಕಾಣುತ್ತವೆ. ಮುಂಗಡ ಕೊಡುವ ಮೊದಲು ಇವೆರಡನ್ನೂ ನೋಡಲು ಖರ್ಚೇನೂ ಇಲ್ಲ.

ಅಂಗಡಿಯವರ ವಿಷಯಕ್ಕೆ ಬಂದರೆ, ಹಳೆಯ ವಾಹನಗಳ ವ್ಯಾಪಾರದಲ್ಲಿ ಬಹುಕಾಲ ನಡೆದುಬಂದ ಪದ್ಧತಿ ಬೇರೆಯೇ ಆಗಿತ್ತು. ಅಂಗಡಿಯವರು ಮಾಲೀಕರಿಂದ ಸ್ಕೂಟರನ್ನು ಕೊಂಡಾಗ ಹೆಸರು ಬದಲಾಯಿಸದೆ, ಫಾರಂ 29 ಮತ್ತು 30ಕ್ಕೆ ಸಹಿ ಮಾತ್ರ ಹಾಕಿಸಿಕೊಂಡು ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಡುತ್ತಿದ್ದರು. ಮುಂದೆ ಯಾರು ಕೊಂಡರೂ ಅವರ ಹೆಸರನ್ನು ಅಲ್ಲಿ ತುಂಬುತ್ತಿದ್ದರು. ಇದರಿಂದ ಒಂದು ವರ್ಗಾವಣೆಯ ಖರ್ಚು ಉಳಿಯುತ್ತಿತ್ತು, ಆದರೆ ನಡುವಿನ ತಿಂಗಳುಗಳಲ್ಲಿ ವಾಹನ ಯಾರದ್ದು ಎಂಬುದಕ್ಕೆ ದಾಖಲೆ ಇರುತ್ತಿರಲಿಲ್ಲ. ಈಗ ಅರ್ಜಿಗಳು ಪರಿವಾಹನ್ ಜಾಲತಾಣದ ಮೂಲಕವೇ ಹೋಗುವುದರಿಂದ ಮತ್ತು ನೋಂದಾಯಿತ ಮಾಲೀಕರ ಮೊಬೈಲಿಗೆ ಬರುವ ಒಟಿಪಿ ಬೇಕಾಗುವುದರಿಂದ, ಎರಡು ವರ್ಷ ಹಳೆಯ ಸಹಿಯುಳ್ಳ ಫಾರಂ ಕೈಯಲ್ಲಿದ್ದರೂ ಮೂಲ ಮಾಲೀಕರು ಊರು ಬಿಟ್ಟಿದ್ದರೆ ಅಥವಾ ಸಂಖ್ಯೆ ಬದಲಿಸಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಈ ಪದ್ಧತಿಗೆ ಕಡಿವಾಣ ಹಾಕಲು ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು 55ಎ ಮೊದಲಾದ ಹೊಸ ನಿಯಮಗಳನ್ನು ಸೇರಿಸಿತು. ಅವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ಪ್ರಕಾರ ನೋಂದಾಯಿತ ವಾಹನಗಳನ್ನು ಕೊಂಡು ಮಾರುವ ಅಂಗಡಿಯು ಸಾರಿಗೆ ಇಲಾಖೆಯಿಂದ ಅಧಿಕೃತ ಪ್ರಮಾಣಪತ್ರವನ್ನು ಪಡೆದಿರಬೇಕು, ಮತ್ತು ಮಾಲೀಕರು ವಾಹನವನ್ನು ಅಂಗಡಿಗೆ ಒಪ್ಪಿಸಿದಾಗ ಫಾರಂ 29ಸಿ ಮೂಲಕ ಇಲಾಖೆಗೆ ತಿಳಿಸಬೇಕು. ಅಲ್ಲಿಂದ ಮುಂದೆ ಅಂಗಡಿಯವರೇ ಆ ವಾಹನದ ಮಾಲೀಕರೆಂದು ಪರಿಗಣಿತರಾಗುತ್ತಾರೆ. ಹೆಸರು ಬದಲಾವಣೆಗೆ, ಆರ್‌ಸಿ ನವೀಕರಣಕ್ಕೆ, ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ಎನ್‌ಒಸಿಗೆ ಅವರೇ ಅರ್ಜಿ ಹಾಕಬಹುದು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಈ ಸ್ಕೂಟರಿನ 29ಸಿ ಆಗಿದೆಯೇ ಎಂಬುದು. ಆಗಿದ್ದರೆ ಮೂಲ ಮಾಲೀಕರನ್ನು ಹುಡುಕುವ ಅಗತ್ಯ ಕೊಳ್ಳುವವರಿಗೆ ಬೀಳುವುದಿಲ್ಲ, ಅಂಗಡಿಯವರು ಕೇಳುವ ಹೆಚ್ಚಿನ ಬೆಲೆಗೆ ಅರ್ಥವಿರುತ್ತದೆ. ಆಗಿಲ್ಲದಿದ್ದರೆ ಅವರು ಮಾರುತ್ತಿರುವುದು ಮೂರನೆಯವರ ಹೆಸರಿನ ವಾಹನವನ್ನು, ಮತ್ತು ಅದಕ್ಕೆ ಖಾಸಗಿ ಮಾಲೀಕರ ಬೆಲೆಗಿಂತ ಹೆಚ್ಚು ಕೊಡಲು ಕಾರಣವಿಲ್ಲ.

ಅಂಗಡಿಯ ಬೆಲೆ ಯಾಕೆ ಹೆಚ್ಚು ಎಂಬುದಕ್ಕೂ ಲೆಕ್ಕವಿದೆ. ಜಿಎಸ್‌ಟಿ ನೋಂದಣಿಯುಳ್ಳ ವ್ಯಾಪಾರಿಯು ತಾನು ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ವ್ಯತ್ಯಾಸದ ಮೇಲೆ ತೆರಿಗೆ ಕಟ್ಟಬೇಕು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಯ ಶಿಫಾರಸಿನಂತೆ 2025ರ ಜನವರಿಯಿಂದ ಈ ದರ ಶೇಕಡ 12ರಿಂದ 18ಕ್ಕೆ ಏರಿದೆ. ಉದಾಹರಣೆಗೆ 36,000 ರೂಪಾಯಿಗೆ ಕೊಂಡ ಸ್ಕೂಟರನ್ನು 45,000ಕ್ಕೆ ಮಾರಿದರೆ 9,000ದ ಮೇಲೆ 1,620 ರೂಪಾಯಿ ಸರ್ಕಾರಕ್ಕೆ ಹೋಗುತ್ತದೆ. ತಮ್ಮ ಸ್ವಂತ ಸ್ಕೂಟರನ್ನು ಮಾರುವ ಖಾಸಗಿ ವ್ಯಕ್ತಿಗೆ ಈ ತೆರಿಗೆ ಇಲ್ಲ. ಇನ್ನೊಂದು ಕಡೆ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿರುವುದರಿಂದ ಹೊಸ ಸ್ಕೂಟರಿನ ಬೆಲೆಯೇ ತಗ್ಗಿದೆ. ಹಳೆಯದನ್ನು ಮಾರುವವರು, ಅಂಗಡಿಯವರಾಗಲಿ ಮನೆಯವರಾಗಲಿ, ಇಳಿಕೆಗೆ ಮುಂಚಿನ ಹೊಸ ಬೆಲೆಯನ್ನು ಆಧಾರವಾಗಿಟ್ಟು ಚೌಕಾಸಿಗೆ ಕುಳಿತರೆ ಅದನ್ನು ಒಪ್ಪಬೇಕಿಲ್ಲ.

ಇನ್ನು ಗಡಿಯ ವಿಷಯ. ಕೆಎ 10 ಸ್ಕೂಟರನ್ನು ಜೀರಹಳ್ಳಿಯ ವಿಳಾಸಕ್ಕೆ ತರಬೇಕಾದರೆ ಮೊದಲು ಚಾಮರಾಜನಗರದ ಸಾರಿಗೆ ಕಚೇರಿಯಿಂದ ಎನ್‌ಒಸಿ, ಅಂದರೆ ವಾಹನವನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಡ್ಡಿಯಿಲ್ಲವೆಂಬ ಪತ್ರ, ಪಡೆಯಬೇಕು. ಇದಕ್ಕೆ ಫಾರಂ 28, ಅದರ ಮೇಲೆ ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು, ಮತ್ತು ವಾಹನ ಕಳವಾದದ್ದಲ್ಲ ಎಂಬ ಪೊಲೀಸ್ ವರದಿ ಬೇಕು. ಕಾಯ್ದೆಯ 48ನೇ ಕಲಮು ಇದಕ್ಕೆ 30 ದಿನಗಳ ಗಡುವು ಇಟ್ಟಿದೆ. ಎನ್‌ಒಸಿ ಬಂದ ಮೇಲೆ ತಮಿಳುನಾಡಿನಲ್ಲಿ ಫಾರಂ 27ರ ಮೂಲಕ ಹೊಸ ಸಂಖ್ಯೆಗೆ ಅರ್ಜಿ ಹಾಕಿ, ವಾಹನವನ್ನು ತಪಾಸಣೆಗೆ ಒಯ್ದು, ಹೊಸ ಅತಿಸುರಕ್ಷಿತ ಪ್ಲೇಟು ಹಾಕಿಸಬೇಕು. ಇಷ್ಟರಲ್ಲಿ ಶುಲ್ಕ ದೊಡ್ಡದಲ್ಲ, ದೊಡ್ಡದಾಗುವುದು ಆಜೀವ ತೆರಿಗೆ.

ಆಜೀವ ತೆರಿಗೆ ಎಂದರೆ ವಾಹನದ ಇಡೀ ಆಯುಷ್ಯಕ್ಕೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ. ಅದು ರಾಜ್ಯದ ತೆರಿಗೆಯಾದ್ದರಿಂದ ಕರ್ನಾಟಕಕ್ಕೆ ಕಟ್ಟಿದ್ದು ತಮಿಳುನಾಡಿಗೆ ಸಲ್ಲುವುದಿಲ್ಲ. ತಮಿಳುನಾಡು 2023ರ ನವೆಂಬರಿನಲ್ಲಿ ಈ ತೆರಿಗೆಯನ್ನು ಹೆಚ್ಚಿಸಿ, ಹೊಸ ದ್ವಿಚಕ್ರ ವಾಹನಕ್ಕೆ ಒಂದು ಲಕ್ಷದವರೆಗಿನ ಬೆಲೆಗೆ ಶೇಕಡ 10, ಅದಕ್ಕೆ ಮೇಲ್ಪಟ್ಟರೆ ಶೇಕಡ 12 ಎಂದು ಗೊತ್ತುಮಾಡಿತು. ಹೊರರಾಜ್ಯದಿಂದ ಬರುವ ಹಳೆಯ ವಾಹನಕ್ಕೆ ಅದರ ವಯಸ್ಸು ಹೆಚ್ಚಿದಷ್ಟೂ ದರ ಇಳಿಯುತ್ತ ಹೋಗುತ್ತದೆ. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ಹಿಂಪಡೆಯಲು ಅವಕಾಶವಿದ್ದರೂ ಅದಕ್ಕೆ ಹೊಸ ರಾಜ್ಯದ ನೋಂದಣಿಯ ಪುರಾವೆಯೊಡನೆ ಪ್ರತ್ಯೇಕ ಅರ್ಜಿ ಹಾಕಬೇಕು, ಹಣ ತಡವಾಗಿ ಬರುತ್ತದೆ, ಮತ್ತು ಆ ಹಣ ಮಾರಿದವರಿಗೋ ಕೊಂಡವರಿಗೋ ಎಂಬುದನ್ನು ಮಾರಾಟದ ಪತ್ರದಲ್ಲೇ ಬರೆದುಕೊಳ್ಳದಿದ್ದರೆ ಜಗಳಕ್ಕೆ ಕಾರಣವಾಗುತ್ತದೆ. ಆದ್ದರಿಂದ ಕೊಳ್ಳುವ ದಿನದ ಲೆಕ್ಕದಲ್ಲಿ ಅದನ್ನು ಆದಾಯವೆಂದು ಹಿಡಿಯುವಂತಿಲ್ಲ.

ಗಡಿಸೀಮೆಯಲ್ಲಿ ಇದನ್ನು ತಪ್ಪಿಸಲು ಸುಲಭವಾಗಿ ಹೊಳೆಯುವ ದಾರಿಯೊಂದಿದೆ: ಸ್ಕೂಟರನ್ನು ಚಾಮರಾಜನಗರದಲ್ಲಿರುವ ಭಾವನ ಹೆಸರಿಗೋ ಚಿಕ್ಕಪ್ಪನ ಹೆಸರಿಗೋ ಮಾಡಿಸಿ ಜೀರಹಳ್ಳಿಯಲ್ಲಿ ಓಡಿಸುವುದು. ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ಸಂಖ್ಯೆ ಪಡೆಯಬೇಕೆಂದು 47ನೇ ಕಲಮು ಹೇಳುವುದರಿಂದ ಇದು ಶಾಶ್ವತ ಪರಿಹಾರವಲ್ಲ. ಅದಕ್ಕಿಂತ ಮುಖ್ಯವಾಗಿ, ಅಪಘಾತವಾದರೆ ಸ್ಕೂಟರನ್ನು ಎಂದೂ ಓಡಿಸದ ಆ ನೆಂಟರೇ ನ್ಯಾಯಾಲಯದಲ್ಲಿ ಮಾಲೀಕರಾಗಿ ನಿಲ್ಲಬೇಕಾಗುತ್ತದೆ.

ವಿಮೆಯ ಲೆಕ್ಕ ಚಿಕ್ಕದಾದರೂ ಬಿಡುವಂಥದ್ದಲ್ಲ. 2018ರ ಸೆಪ್ಟೆಂಬರ್ 1ರ ನಂತರ ಮಾರಾಟವಾದ ಹೊಸ ದ್ವಿಚಕ್ರ ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆ, ಅಂದರೆ ಅಪಘಾತದಲ್ಲಿ ಎದುರಿನವರಿಗೆ ಪರಿಹಾರ ಕೊಡುವ ಕಡ್ಡಾಯ ವಿಮೆ, ಒಮ್ಮೆಗೇ ಐದು ವರ್ಷಕ್ಕೆ ಮಾಡಿಸಬೇಕಾಯಿತು. ಹೀಗಾಗಿ 2019ರ ಸ್ಕೂಟರಿನ ಆ ವಿಮೆ 2024ಕ್ಕೇ ಮುಗಿದಿರುತ್ತದೆ, ಅನೇಕರು ಮುಂದುವರಿಸಿರುವುದಿಲ್ಲ. 75ರಿಂದ 150 ಸಿಸಿವರೆಗಿನ ಸ್ಕೂಟರಿಗೆ 2022ರ ಜೂನಿನಲ್ಲಿ ನಿಗದಿಯಾದ ವಾರ್ಷಿಕ ದರ 714 ರೂಪಾಯಿ, ಜಿಎಸ್‌ಟಿ ಸೇರಿ ಸುಮಾರು 843. ಬೇರೆ ಅಪಘಾತ ವಿಮೆ ಇಲ್ಲದವರಿಗೆ ಮಾಲೀಕ-ಚಾಲಕರ ಅಪಘಾತ ವಿಮೆಯ ಕಂತು ಇದಕ್ಕೆ ಸೇರುತ್ತದೆ. ಚಾಲ್ತಿಯಲ್ಲಿರುವ ವಿಮೆಯೊಡನೆ ಸ್ಕೂಟರ್ ಬಂದರೆ ಎದುರಿನವರ ಪಾಲಿನ ರಕ್ಷಣೆ ಕೊಂಡವರಿಗೆ ತಾನಾಗಿ ದಾಟುತ್ತದೆ. ಸ್ಕೂಟರಿಗೇ ಆಗುವ ನಷ್ಟದ ಪಾಲು ಮಾತ್ರ 14 ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಿಕೊಂಡರಷ್ಟೇ ಉಳಿಯುತ್ತದೆ. ಕ್ಲೇಮು ಮಾಡದಿದ್ದುದಕ್ಕೆ ಸಿಗುವ ರಿಯಾಯಿತಿ ಮಾರಿದವರದ್ದು, ಅದು ವಾಹನದ ಜೊತೆ ಬರುವುದಿಲ್ಲ.

ರಿಪೇರಿಯ ಅಂದಾಜು ಮಾಡುವಾಗ ಈ ಸೀಮೆಯ ರಸ್ತೆಯನ್ನು ಮರೆಯುವಂತಿಲ್ಲ. ಗೇರು ಇಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ಶಕ್ತಿಯು ರಬ್ಬರ್ ಬೆಲ್ಟಿನ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಮತ್ತು ವೇಗ ತಗ್ಗಿದಾಗ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಹೀಗಾಗಿ ದಿಂಬಂ ಘಾಟಿಯನ್ನು ನಿಧಾನವಾಗಿ ಇಳಿಯುವ ಸ್ಕೂಟರಿಗೆ, ಗೇರಿನ ಬೈಕಿಗೆ ಸಿಗುವಂಥ ಎಂಜಿನ್ ತಡೆ ಸಿಗದೆ, ಭಾರವೆಲ್ಲ ಬ್ರೇಕ್ ಶೂಗಳ ಮೇಲೆ ಬೀಳುತ್ತದೆ. ಹತ್ತುವಾಗ ಬೆಲ್ಟು ಮತ್ತು ಕ್ಲಚ್ ಶೂ ಕಾಯುತ್ತವೆ. ಬಯಲಿನಲ್ಲಿ ಓಡಿದ 30,000 ಕಿಲೋಮೀಟರಿಗೂ ಘಾಟಿಯಲ್ಲಿ ಓಡಿದ 30,000 ಕಿಲೋಮೀಟರಿಗೂ ಈ ಕಾರಣದಿಂದ ವ್ಯತ್ಯಾಸವಿದೆ.

ಪರೀಕ್ಷೆಯೂ ಇದಕ್ಕೆ ತಕ್ಕಂತೆ ಇರಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರಿನಲ್ಲಿ ಹತ್ತಿಸಿದಾಗ ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಬೆಲ್ಟು ಅಥವಾ ಅದರ ಜೊತೆಗಿನ ರೋಲರುಗಳು ಸವೆದಿವೆ. ನಿಂತಲ್ಲಿಂದ ಹೊರಡುವಾಗ ಗಾಡಿ ನಡುಗಿದರೆ ಕ್ಲಚ್ ಶೂ ಸುಟ್ಟು ನಯವಾಗಿದೆ. ಸಾಮಾನ್ಯವಾಗಿ 110 ಸಿಸಿ ಸ್ಕೂಟರಿನ ಬೆಲ್ಟನ್ನು ಸುಮಾರು 24,000 ಕಿಲೋಮೀಟರಿಗೆ ಬದಲಿಸಬೇಕಾದ್ದರಿಂದ, ಬದಲಿಸಿದ ಬಿಲ್ಲು ಇಲ್ಲದಿದ್ದರೆ ಆ ಖರ್ಚನ್ನು ಕೊಳ್ಳುವವರ ಲೆಕ್ಕಕ್ಕೇ ಹಿಡಿಯಬೇಕು. ಡ್ರಮ್ ಬ್ರೇಕನ್ನು ಪೂರ್ತಿ ಹಿಡಿದಾಗ ಚಕ್ರದ ಬಳಿಯ ಬಾಣದ ಗುರುತು ಡ್ರಮ್ಮಿನ ಫಲಕದ ಗೆರೆಯನ್ನು ಮುಟ್ಟಿದರೆ ಶೂ ಮುಗಿದಿದೆ ಎಂದು ತಿಳಿಯಬೇಕು. ಎಂಜಿನ್ನನ್ನು ನೋಡುವಾಗ ಅದು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನೀಲಿ ಹೊಗೆ ಬಂದು ನಿಲ್ಲದೆ ಮುಂದುವರಿದರೆ ಎಣ್ಣೆ ಉರಿಯುತ್ತಿದೆ, ಅಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಕೆಲಸ ಕಾದಿದೆ. ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬೆಳಗ್ಗೆ ಬರುವುದು ಒಳ್ಳೆಯದು.

ಈ ಪರೀಕ್ಷೆಯಲ್ಲಿ ಅಂಗಡಿ ಮತ್ತು ಮನೆಯ ನಡುವೆ ಸ್ಪಷ್ಟ ವ್ಯತ್ಯಾಸ ಕಾಣುತ್ತದೆ. ಅಂಗಡಿಯ ಸ್ಕೂಟರಿನಲ್ಲಿ ಕಣ್ಣಿಗೆ ಕಾಣುವ ಕೆಲಸಗಳು, ಅಂದರೆ ಪಾಲಿಶ್, ಸೀಟಿನ ಕವರು, ಹೊಸ ಬ್ಯಾಟರಿ, ಎಣ್ಣೆ, ಸಾಮಾನ್ಯವಾಗಿ ಮುಗಿದಿರುತ್ತವೆ. ಮುಚ್ಚಳದೊಳಗಿನ ಬೆಲ್ಟು ಕಾಣದಿರುವುದರಿಂದ ಹಾಗೇ ಉಳಿದಿರುತ್ತದೆ. ಮನೆಯ ಸ್ಕೂಟರಿನಲ್ಲಿ ಗೀರು, ಧೂಳು, ಸತ್ತ ಬ್ಯಾಟರಿ ಎಲ್ಲ ಇದ್ದರೂ ಅದು ಎಲ್ಲಿ ಓಡಿತು, ಯಾರು ಓಡಿಸಿದರು, ಎಲ್ಲಿ ಸರ್ವಿಸ್ ಆಯಿತು ಎಂಬುದನ್ನು ಹೇಳಬಲ್ಲವರು ಎದುರಿಗೇ ಇರುತ್ತಾರೆ. ಕಿಲೋಮೀಟರ್ ಅಂಕಿಯನ್ನು ನಂಬುವ ಮೊದಲು ಹ್ಯಾಂಡಲ್ ರಬ್ಬರು, ಕಾಲಿಡುವ ಮ್ಯಾಟು ಮತ್ತು ಬ್ರೇಕ್ ಲಿವರಿನ ಸವೆತವನ್ನು ನೋಡಿ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಹಿಂದಿನ ಸರ್ವಿಸುಗಳ ದಾಖಲೆಯನ್ನು ಮಾಲೀಕರ ಮೂಲಕ ಕೇಳಬಹುದು.

ಇಷ್ಟನ್ನೂ ಒಂದು ಉದಾಹರಣೆಯಲ್ಲಿ ಕೂಡಿಸಿ ನೋಡಬಹುದು. ಇದರಲ್ಲಿ ಸರ್ಕಾರಿ ಶುಲ್ಕ ಮತ್ತು ವಿಮೆಯ ದರ ನಿಜವಾದವು. ಸ್ಕೂಟರಿನ ಬೆಲೆ, ರಿಪೇರಿ, ಏಜೆಂಟರ ಕೂಲಿ ಮತ್ತು ಹಳೆಯ ವಾಹನದ ತೆರಿಗೆಯ ದರ ಲೆಕ್ಕದ ಸಲುವಾಗಿ ಇಟ್ಟುಕೊಂಡವು. ಎಲ್ಲವೂ 2019ರಲ್ಲಿ ನೋಂದಣಿಯಾದ, ಸುಮಾರು 30,000 ಕಿಲೋಮೀಟರ್ ಓಡಿದ, 110 ಸಿಸಿಯ ಒಂದೇ ಬಗೆಯ ಸ್ಕೂಟರುಗಳು ಎಂದಿಟ್ಟುಕೊಳ್ಳಬೇಕು.

ತಾಳವಾಡಿಯ ಖಾಸಗಿ ಮಾಲೀಕರ ಟಿಎನ್ ಸ್ಕೂಟರಿನ ಬೆಲೆ 38,000. ವರ್ಗಾವಣೆಗೆ ಓಡಾಟ ಸೇರಿ 1,000, ಮುಗಿದುಹೋದ ವಿಮೆಗೆ 843. ರಿಪೇರಿಯಲ್ಲಿ ಬೆಲ್ಟು ಮತ್ತು ರೋಲರಿಗೆ 1,800, ಹಿಂದಿನ ಟೈರಿಗೆ 1,600, ಎರಡೂ ಬ್ರೇಕ್ ಶೂಗಳಿಗೆ 700, ಬ್ಯಾಟರಿಗೆ 1,400, ಎಣ್ಣೆ ಮತ್ತು ಸರ್ವಿಸಿಗೆ 600, ಹೀಗೆ 6,100. ಒಟ್ಟು 45,943 ರೂಪಾಯಿ. ಸತ್ಯಮಂಗಲದ ಅಂಗಡಿಯ ಟಿಎನ್ ಸ್ಕೂಟರಿನ ಬೆಲೆ 45,000. ಅವರು ವರ್ಗಾವಣೆಗೆ 2,500 ಕೇಳುತ್ತಾರೆ, ವಿಮೆ ಚಾಲ್ತಿಯಲ್ಲಿದೆ, ಬ್ಯಾಟರಿ ಮತ್ತು ಎಣ್ಣೆ ಹೊಸದು. ಉಳಿದ ಬೆಲ್ಟು, ಟೈರು, ಬ್ರೇಕಿಗೆ 4,100 ಸೇರಿದರೆ 51,600. ಅಂದರೆ ಬೆಲೆಯಲ್ಲಿದ್ದ 7,000ದ ಅಂತರ ಎಲ್ಲ ಕೂಡಿದ ಮೇಲೆ 5,657ಕ್ಕೆ ಇಳಿಯುತ್ತದೆ. ಅಂಗಡಿಯವರ ಜವಾಬ್ದಾರಿಗೆ ಕೊಡುವ ನಿಜವಾದ ಬೆಲೆ ಇಷ್ಟು.

ಈಗ ಚಾಮರಾಜನಗರದ ಅಂಗಡಿಯಲ್ಲಿ ಅದೇ ಸ್ಥಿತಿಯ ಕೆಎ ಸ್ಕೂಟರ್ 41,000ಕ್ಕೆ ಸಿಗುತ್ತದೆ ಎಂದುಕೊಂಡರೆ, ಸತ್ಯಮಂಗಲಕ್ಕಿಂತ 4,000 ಕಡಿಮೆ ಎನಿಸುತ್ತದೆ. ಎನ್‌ಒಸಿ, ಹೊಸ ಸಂಖ್ಯೆ, ವರ್ಗಾವಣೆ, ಎರಡು ಕಚೇರಿಗಳ ಓಡಾಟ ಮತ್ತು ಏಜೆಂಟರ ಕೂಲಿಗೆ 3,000, ಹೊಸ ಪ್ಲೇಟಿಗೆ 500, ಸ್ಕೂಟರಿನ ಮೂಲ ಬೆಲೆ 60,000ದ ಮೇಲೆ ಶೇಕಡ 6ರಂತೆ ಹಿಡಿದ ತೆರಿಗೆ 3,600, ರಿಪೇರಿ 4,100 ಸೇರಿದರೆ ಮೊತ್ತ 52,200 ಆಗುತ್ತದೆ. ಕಡಿಮೆ ಎನಿಸಿದ್ದು 600 ಹೆಚ್ಚಾಯಿತು. ಚಾಮರಾಜನಗರದ ಖಾಸಗಿ ಮಾಲೀಕರು ಇನ್ನೂ ತಗ್ಗಿಸಿ 36,000ಕ್ಕೆ ಕೊಟ್ಟರೂ ಗಡಿಯ 7,100, ವಿಮೆಯ 843 ಮತ್ತು ರಿಪೇರಿಯ 6,100 ಕೂಡಿ 50,043 ಬರುತ್ತದೆ. ತಾಳವಾಡಿಯ ಮಾಲೀಕರಿಗಿಂತ 2,000 ಕಡಿಮೆ ಕೇಳಿದವರ ಸ್ಕೂಟರು ಕೊನೆಗೆ 4,100 ಹೆಚ್ಚಿಗೆ ಬಿತ್ತು. ಈ ಉದಾಹರಣೆಯಲ್ಲಿ ಗಡಿ ದಾಟಿಸುವ ಖರ್ಚು ಊರೊಳಗಿನ ವರ್ಗಾವಣೆಗಿಂತ 6,100 ಹೆಚ್ಚು, ಅಂಗಡಿಯವರ ಜವಾಬ್ದಾರಿಯ ಬೆಲೆಗಿಂತಲೂ ಹೆಚ್ಚು. ಆದ್ದರಿಂದ ಕೆಎ ಸ್ಕೂಟರಿನ ಚೌಕಾಸಿ ಟಿಎನ್ ಬೆಲೆಗಿಂತ ಏಳು ಸಾವಿರದಷ್ಟು ಕೆಳಗಿನಿಂದ ಶುರುವಾಗಬೇಕು.

ಅಂಗಡಿಯವರಿಗೆ ಕೊಡುವ ಆ 5,657 ರೂಪಾಯಿಗೆ ಏನು ಸಿಗುತ್ತದೆ ಎಂಬುದು ಉಳಿದ ಪ್ರಶ್ನೆ. ಅಂಗಡಿಯವರು ವ್ಯಾಪಾರಿಗಳಾದ್ದರಿಂದ ಅವರಿಂದ ಸ್ವಂತ ಬಳಕೆಗೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು. ಮುಚ್ಚಿಟ್ಟ ದೋಷಕ್ಕೋ ಮಾಡಿಕೊಡದ ವರ್ಗಾವಣೆಗೋ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಈ ಕಾಯ್ದೆಯ 34ನೇ ಕಲಮು ದೂರುದಾರರಿಗೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಲು ಅವಕಾಶ ಕೊಟ್ಟಿರುವುದರಿಂದ, ಅಂಗಡಿ ಚಾಮರಾಜನಗರದಲ್ಲಿದ್ದರೂ ಜೀರಹಳ್ಳಿಯವರು ಈರೋಡು ಜಿಲ್ಲಾ ಆಯೋಗಕ್ಕೆ ಹೋಗಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ತನ್ನ ಸ್ವಂತ ಸ್ಕೂಟರನ್ನು ಒಮ್ಮೆ ಮಾರಿದ ಖಾಸಗಿ ವ್ಯಕ್ತಿ ವ್ಯಾಪಾರಿಯಲ್ಲವಾದ್ದರಿಂದ ಅವರ ಮೇಲೆ ಈ ದಾರಿ ತೆರೆದಿಲ್ಲ, ಸಿವಿಲ್ ದಾವೆ ಮಾತ್ರ ಉಳಿಯುತ್ತದೆ. ಆದರೆ ಅಂಗಡಿಯವರ ಮೇಲಿನ ಈ ಹಕ್ಕು ಬಿಲ್ಲಿನ ಮೇಲೆ ನಿಂತಿದೆ. ಸ್ಕೂಟರಿನ ಸಂಖ್ಯೆ, ಕೊಟ್ಟ ಮೊತ್ತ, ವರ್ಗಾವಣೆ ಯಾರ ಹೊಣೆ ಎಂಬುದು ಬರೆದಿರುವ ಅಂಗಡಿಯ ಹೆಸರಿನ ಬಿಲ್ಲು ಕೊಡದವರಿಗೆ ಹೆಚ್ಚಿನ ಬೆಲೆ ಕೊಟ್ಟರೆ ಕೊಂಡದ್ದು ಪಾಲಿಶ್ ಮಾತ್ರ.

ಜೀರಹಳ್ಳಿಯ ಮಟ್ಟಿಗೆ ಈ ಲೆಕ್ಕವು ಒಂದು ಕ್ರಮವನ್ನು ಸೂಚಿಸುತ್ತದೆ. ಆರ್‌ಸಿಯಲ್ಲಿ ತಮ್ಮದೇ ಹೆಸರಿರುವ, ಸಾಲದ ಗುರುತಿಲ್ಲದ, ಘಾಟಿ ಇಳಿದು ಕಚೇರಿಗೆ ಬರಲು ಸಿದ್ಧರಿರುವ ತಾಳವಾಡಿ ಸೀಮೆಯ ಮಾಲೀಕರು ಸಿಕ್ಕರೆ ಅವರೇ ಮೊದಲ ಆಯ್ಕೆ. ಅಂಥವರು ಸಿಗದಿದ್ದರೆ, ಅಥವಾ ವಾರಸುದಾರಿಕೆ, ಸಾಲ ಇತ್ಯಾದಿ ತೊಡಕುಗಳಿದ್ದರೆ, 29ಸಿ ಆಗಿರುವ ಮತ್ತು ಬಿಲ್ಲು ಕೊಡುವ ತಮಿಳುನಾಡಿನ ಅಂಗಡಿಗೆ ಐದಾರು ಸಾವಿರ ಹೆಚ್ಚು ಕೊಡುವುದು ನಷ್ಟವಲ್ಲ. ಕೆಎ ಸ್ಕೂಟರು ಕೊನೆಯದು, ಅದೂ ಎನ್‌ಒಸಿ ಕೈಗೆ ಬಂದ ಮೇಲೆ. ಯಾರಿಂದ ಕೊಂಡರೂ ಹಣವನ್ನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ವರ್ಗಾವಣೆಯ ಅರ್ಜಿ ಸಲ್ಲಿಕೆಯಾಗಿ ಒಟಿಪಿ ಮುಗಿದ ದಿನ ಕೊಟ್ಟು, ಐದು ಸಾವಿರದಷ್ಟನ್ನು ಹೊಸ ಆರ್‌ಸಿ ಅಂಚೆಯಲ್ಲಿ ಬರುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಬೇಕು. ಈ ಷರತ್ತಿಗೆ ಒಪ್ಪದ ಮಾರಾಟಗಾರರ ಸ್ಕೂಟರಿನ ಬೆಲೆ ಎಷ್ಟೇ ಕಡಿಮೆಯಿದ್ದರೂ, ಆ ಹೆಸರು ಬದಲಾಗುವ ಖಾತ್ರಿ ಅವರಿಗೇ ಇಲ್ಲ ಎಂದು ತಿಳಿದು ಬೇರೆ ಸ್ಕೂಟರನ್ನು ನೋಡಬೇಕಾಗುತ್ತದೆ.